ಸೋಲಾರ್ ದೀಪ ಕೇಳುವ ಪತ್ರದಲ್ಲಿ ಲೆಕ್ಕವಿರಲಿ

ಬಡಾವಣೆಯ ಸಂಘಕ್ಕೆ ಸೋಲಾರ್ ಬೀದಿದೀಪದ ಪ್ರಸ್ತಾವ ಬರೆಯುವವರು ಸಾಮಾನ್ಯವಾಗಿ ಪರಿಸರದ ಮಾತಿನಿಂದ ಶುರುಮಾಡುತ್ತಾರೆ. ಸಮಿತಿಯ ಖಜಾಂಚಿಗೆ ಬೇಕಿರುವುದು ಬ್ಯಾಟರಿಯ ಲೆಕ್ಕ.

ಒಂದು ಕಂಬಕ್ಕೆ 20 ವ್ಯಾಟ್‌ನ ಎಲ್‌ಇಡಿ ಎಂದುಕೊಳ್ಳಿ. ಮೊದಲ 5 ಗಂಟೆ ಪೂರ್ತಿ ಬೆಳಕು, ಉಳಿದ 7 ಗಂಟೆ ಅರ್ಧ ಬೆಳಕು ಸಾಕೆಂದರೆ ರಾತ್ರಿಗೆ 170 ವ್ಯಾಟ್-ಗಂಟೆ ಬೇಕು. ಮೋಡ ಮುಸುಕಿದರೂ ಎರಡು ರಾತ್ರಿ ಉರಿಯಬೇಕಾದರೆ 340. ಹಾಗಾಗಿ 12.8 ವೋಲ್ಟ್, 30 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯನ್ನೇ ಪತ್ರದಲ್ಲಿ ಕೇಳಿ. ಅದರಲ್ಲಿ 384 ಹಿಡಿಯುತ್ತದೆ. ಪ್ಯಾನೆಲ್ 75 ವ್ಯಾಟ್‌ನದಿರಲಿ. ಬರೀ ‘20 ವ್ಯಾಟ್ ದೀಪ’ ಎಂದು ಬರೆದರೆ ಅಗ್ಗದ ಕೊಟೇಶನ್‌ನವರು ಉಳಿತಾಯ ಮಾಡುವುದು ಬ್ಯಾಟರಿಯಲ್ಲೇ.

ಮುಸ್ಸಂಜೆಗೆ ತಾನೇ ಹೊತ್ತಿಕೊಳ್ಳಲು ಎಷ್ಟೋ ದೀಪಗಳಲ್ಲಿ ಬೇರೆ ಸೆನ್ಸರ್ ಇರುವುದಿಲ್ಲ. ಪ್ಯಾನೆಲ್‌ನ ವೋಲ್ಟೇಜ್ ಇಳಿದರೆ ಕಂಟ್ರೋಲರ್ ಕತ್ತಲಾಯಿತೆಂದು ತಿಳಿಯುತ್ತದೆ. ಮೋಡ ಸರಿದಾಗಲೆಲ್ಲ ದೀಪ ಮಿಣುಕದಂತೆ ಕೆಲವು ನಿಮಿಷ ಕಾಯುವ ವ್ಯವಸ್ಥೆಯನ್ನೂ ಕೇಳಬೇಕು.

ಪತ್ರದ ಜೊತೆ ಕಂಬಗಳ ನಕ್ಷೆ ಲಗತ್ತಿಸಿ, ಹೊಂಗೆ ಮರದ ನೆರಳು ಬೀಳುವ ಜಾಗ ಗುರುತಿಸಿ. ಅಲ್ಲಿ ದೀಪ ಸಂಜೆ ಸರಿಯಾಗಿಯೇ ಹೊತ್ತಿಕೊಂಡು, ಬೆಳಗಿನ ಜಾವಕ್ಕೆ ಮೊದಲೇ ಆರುತ್ತದೆ. ಅಂಥ ಕಂಬಕ್ಕೆ ವಿದ್ಯುತ್ ತಂತಿಯ ದೀಪವೇ ಇರಲಿ ಎಂದು ಪತ್ರದಲ್ಲೇ ಬರೆದುಬಿಡುವುದು ಮೇಲು.