ಮಕ್ಕಳ ಉನ್ನತ ವಿದ್ಯೆಗೆ ತಿಂಗಳಿಗೆಷ್ಟು ಉಳಿಸಬೇಕು?

ಉಳಿತಾಯವೆಂಬುದು ನಮ್ಮ ಕರಾವಳಿಯ ಮನೆಗಳಿಗೆ ಹೊಸ ವಿಷಯವಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿದಂದಿನಿಂದ ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂದು ತೆಗೆದಿರಿಸುವ ರೂಢಿ ಇಲ್ಲಿ ಬೇರೂರಿದೆ. ಆದರೆ ಮಗುವಿನ ವಿದ್ಯೆಗಾಗಿ ಕೂಡಿಡುವ ಹಣದ ಲೆಕ್ಕ ಮದುವೆಗೋ ಮನೆಯ ದುರಸ್ತಿಗೋ ಕೂಡಿಡುವ ಹಣದ ಲೆಕ್ಕದಂತಲ್ಲ. ಅಕ್ಕಿ, ಎಣ್ಣೆ, ಬಟ್ಟೆಗಳ ಬೆಲೆ ಏರುವ ವೇಗವೇ ಬೇರೆ, ಕಾಲೇಜಿನ ಶುಲ್ಕ ಏರುವ ವೇಗವೇ ಬೇರೆ.

ಉದಾಹರಣೆಗಾಗಿ ಬಂದ್ಯೋಡಿನ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮಗಳಿಗೆ ಈಗ ಮೂರು ವರ್ಷ. ಹದಿನೆಂಟು ತುಂಬಿದಾಗ ಅವಳನ್ನು ಮಂಗಳೂರಿನಲ್ಲಿ ನಾಲ್ಕು ವರ್ಷಗಳ ವ್ಯಾಸಂಗಕ್ಕೆ ಸೇರಿಸಬೇಕೆಂದು ತಂದೆತಾಯಿಗಳ ಆಸೆ. ಇಂದಿನ ಬೆಲೆಯಲ್ಲಿ ಆ ನಾಲ್ಕು ವರ್ಷಗಳ ಶುಲ್ಕ ಐದು ಲಕ್ಷ, ಊಟ ವಸತಿ ಪ್ರಯಾಣಕ್ಕೆ ಮೂರು ಲಕ್ಷ, ಒಟ್ಟು ಎಂಟು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಎಲ್ಲವೂ ಸಾಮಾನ್ಯ ಬೆಲೆಗಳಂತೆ ವರ್ಷಕ್ಕೆ ಶೇಕಡಾ 5ರಂತೆ ಏರುವುದಾದರೆ ಹದಿನೈದು ವರ್ಷಗಳಲ್ಲಿ ಈ ಮೊತ್ತ ಸುಮಾರು 16 ಲಕ್ಷ 60 ಸಾವಿರವಾಗುತ್ತದೆ. ಶೇಕಡಾ 7ರ ಬಡ್ಡಿ ಬರುವ ಖಾತೆಗೆ ತಿಂಗಳಿಗೆ 5,250 ರೂಪಾಯಿ ಕಟ್ಟಿದರೆ ಸಾಕು. ಹೆಚ್ಚಿನವರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ.

ಆದರೆ ಶುಲ್ಕವು ಶೇಕಡಾ 10ರಂತೆ ಏರಿದರೆ? ಏರುವ ದರದಿಂದ 72ನ್ನು ಭಾಗಿಸಿದರೆ ಬೆಲೆ ಇಮ್ಮಡಿಯಾಗುವ ವರ್ಷಗಳು ಸರಿಸುಮಾರಾಗಿ ಸಿಗುತ್ತವೆ ಎಂಬುದು ಹಳೆಯ ಸೂತ್ರ. ಐದರ ದರದಲ್ಲಿ ಇಮ್ಮಡಿಯಾಗಲು ಹದಿನಾಲ್ಕು ವರ್ಷ ಬೇಕು, ಹತ್ತರ ದರದಲ್ಲಿ ಏಳೇ ವರ್ಷ ಸಾಕು. ಆದುದರಿಂದ ಆ ಹದಿನೈದು ವರ್ಷಗಳಲ್ಲಿ ಐದು ಲಕ್ಷದ ಶುಲ್ಕ ನಾಲ್ಮಡಿಗೂ ತುಸು ಮೀರಿ 20 ಲಕ್ಷ 90 ಸಾವಿರಕ್ಕೆ ಮುಟ್ಟುತ್ತದೆ. ಊಟ ವಸತಿಗಳ ಮೂರು ಲಕ್ಷವನ್ನು ಐದರ ದರದಲ್ಲಿಯೇ ಬಿಟ್ಟರೂ ಒಟ್ಟು 27 ಲಕ್ಷ ದಾಟುತ್ತದೆ. ಬೇಕಾದ ಮಾಸಿಕ ಉಳಿತಾಯ 5,250 ಅಲ್ಲ, 8,560 ರೂಪಾಯಿ.

ಹತ್ತು ಎಂಬುದು ನಾನು ಹಿಡಿದ ಅಂದಾಜು. ನಿಮ್ಮ ಮನಸ್ಸಿನಲ್ಲಿರುವ ಕಾಲೇಜಿನ ನಿಜವಾದ ದರವನ್ನು ತಿಳಿಯುವುದು ಕಷ್ಟವಲ್ಲ. ಐದು ವರ್ಷಗಳ ಹಿಂದೆ ಅಲ್ಲಿ ಸೇರಿದ ನೆರೆಮನೆಯ ಹುಡುಗನ ರಶೀದಿಯನ್ನೂ ಈ ವರ್ಷದ ರಶೀದಿಯನ್ನೂ ಜತೆಯಲ್ಲಿಟ್ಟು ನೋಡಿರಿ. ಹಿಂದೆ ನೂರು ರೂಪಾಯಿ ಇದ್ದುದು ಈಗ ನೂರ ಅರುವತ್ತೊಂದಾಗಿದ್ದರೆ ದರ ಹತ್ತು. ನೂರ ಇಪ್ಪತ್ತೆಂಟಾಗಿದ್ದರೆ ಐದು. ಶುಲ್ಕದ ಏರಿಕೆಯು ಬಡ್ಡಿಯ ದರಕ್ಕಿಂತ ಮುಂದಿದ್ದರೆ, ಬ್ಯಾಂಕಿನಲ್ಲಿಟ್ಟ ಹಣ ಬೆಳೆಯುತ್ತಿರುವಂತೆ ಕಂಡರೂ ಶುಲ್ಕದ ಮಟ್ಟಿಗೆ ಅದು ವರ್ಷ ವರ್ಷವೂ ಸವೆಯುತ್ತಲೇ ಇರುತ್ತದೆ.

ಎಳೆಯ ಸಂಸಾರಕ್ಕೆ ತಿಂಗಳಿಗೆ 8,560 ರೂಪಾಯಿ ಹೊರೆಯೇ ಸರಿ. ಅದಕ್ಕೊಂದು ಪರ್ಯಾಯವಿದೆ. ಮೊದಲ ವರ್ಷ ತಿಂಗಳಿಗೆ 4,570 ಕಟ್ಟಿ, ಪ್ರತಿ ವರ್ಷವೂ ಕಂತನ್ನು ನೂರಕ್ಕೆ ಹತ್ತರಂತೆ ಏರಿಸುತ್ತ ಹೋದರೆ ಗುರಿ ಅದೇ ತಲುಪುತ್ತದೆ. ಕೊನೆಯ ವರ್ಷದ ಕಂತು 17,300ರಷ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಸಂಬಳವೋ ಅಡಿಕೆಯ ಆದಾಯವೋ ಜತೆಯಲ್ಲಿ ಏರುವ ನಂಬಿಕೆಯಿದ್ದವರಿಗೆ ಈ ದಾರಿ ಒಪ್ಪುತ್ತದೆ. ಗಲ್ಫಿನ ದುಡಿಮೆಯನ್ನು ಕೆಲವೇ ವರ್ಷಗಳಲ್ಲಿ ಮುಗಿಸಿ ಊರಿಗೆ ಮರಳುವವರಿಗೆ ಇದು ಸಲ್ಲದು. ಅವರು ಮೊದಲಲ್ಲೇ ಹೆಚ್ಚು ಕಟ್ಟುವುದು ಲೇಸು. ಮಗಳಿಗೆ ಎಂಟು ವರ್ಷವಾಗುವ ತನಕ ಕಾದು ಆಮೇಲೆ ಸಮಕಂತಿನಲ್ಲಿ ಆರಂಭಿಸಿದರಂತೂ ತಿಂಗಳಿಗೆ 15,700 ಬೇಕಾಗುತ್ತದೆ.

ಹೆಣ್ಣುಮಕ್ಕಳಿರುವ ಮನೆಯವರು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯನ್ನು ನೆನೆಯುವುದು ಸಹಜ. 2015ರಲ್ಲಿ ಆರಂಭವಾದ ಈ ಯೋಜನೆಯ ಬಡ್ಡಿ 2024ರ ಜನವರಿಯಲ್ಲಿ ಶೇಕಡಾ 8.2ಕ್ಕೆ ಏರಿತು. ಒಳ್ಳೆಯ ಖಾತೆ ಹೌದು. ತಿಂಗಳ ಐದನೆಯ ತಾರೀಕಿನ ಒಳಗೆ ಕಟ್ಟಿದರೆ ಮಾತ್ರ ಕಂತಿಗೆ ಆ ತಿಂಗಳ ಬಡ್ಡಿ ಸೇರುತ್ತದೆ. ಇದಕ್ಕಿಂತಲೂ ದೊಡ್ಡ ತೊಡಕು ಅವಧಿಯದು. ಹುಡುಗಿಗೆ ಇಪ್ಪತ್ತೊಂದು ತುಂಬಿದಾಗ ಹಣ ಕೈಸೇರುತ್ತದೆಂದು ಹಲವರು ತಿಳಿದಿದ್ದಾರೆ. ನಿಯಮ ಹಾಗಿಲ್ಲ, ಖಾತೆ ತೆರೆದ ದಿನದಿಂದ ಇಪ್ಪತ್ತೊಂದು ವರ್ಷ ಕಳೆಯಬೇಕು. ನಮ್ಮ ಉದಾಹರಣೆಯ ಹುಡುಗಿಗೆ ಆಗ ಇಪ್ಪತ್ತನಾಲ್ಕು, ವ್ಯಾಸಂಗ ಮುಗಿದು ಎರಡು ವರ್ಷ! ಹತ್ತನೆಯ ತರಗತಿ ಮುಗಿದ ಮೇಲೆ ಅಥವಾ ಹದಿನೆಂಟು ತುಂಬಿದ ಮೇಲೆ ವಿದ್ಯೆಗಾಗಿ ತೆಗೆಯಲು ಸಿಗುವುದು ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧ ಮಾತ್ರ. ಆದ್ದರಿಂದ ಇಡೀ ಉಳಿತಾಯವನ್ನು ಅಲ್ಲಿಯೇ ಹಾಕಿ ಕುಳಿತರೆ ಶುಲ್ಕ ಕಟ್ಟುವ ಹೊತ್ತಿಗೆ ಹಣವಿದ್ದೂ ಸಾಲ ಮಾಡಬೇಕಾದೀತು. ಬೇರೊಂದು ಪಾಲನ್ನು ಬೇಕಾದಾಗ ಮುರಿಯಬಹುದಾದ ಆವರ್ತ ಠೇವಣಿಯಲ್ಲಿ ಇಡುವುದು ಕ್ಷೇಮ.

ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆಯ ಮೂಲಕ ಸರಕಾರಿ ಸೀಟು ದೊರೆತರೆ ಶುಲ್ಕ ಬಹಳಷ್ಟು ಇಳಿಯುತ್ತದೆ. ಆದರೆ ಅದು ರ‍್ಯಾಂಕನ್ನು ಅವಲಂಬಿಸಿದ್ದು. ಮೂರು ವರ್ಷದ ಮಗುವಿನ ರ‍್ಯಾಂಕನ್ನು ನೆಚ್ಚಿ ಕಂತು ಇಳಿಸಲಾಗದು.

ಕಂತು ನಿಶ್ಚಯಿಸಿದ ಮೇಲೂ ಪ್ರತಿ ಜೂನಿನಲ್ಲಿ ಆ ವರ್ಷದ ಶುಲ್ಕವನ್ನು ವಿಚಾರಿಸಿ ಬರೆದಿಡಬೇಕು. ಐದು ಲಕ್ಷವಿದ್ದುದು ಮರುವರ್ಷ ಐದೂವರೆ ಲಕ್ಷವಾದರೆ ಲೆಕ್ಕ ಸರಿಯಿದೆ. ಐದು ಲಕ್ಷ ಎಪ್ಪತ್ತೈದು ಸಾವಿರವಾದರೆ ಹೆಚ್ಚುವರಿ ಇಪ್ಪತ್ತೈದು ಸಾವಿರ ಮುಂದೆ 95 ಸಾವಿರವಾಗಿ ಎದುರು ನಿಲ್ಲುತ್ತದೆ. ಆಗಲೇ ಗಮನಿಸಿದರೆ ತಿಂಗಳಿಗೆ 335 ರೂಪಾಯಿ ಸೇರಿಸಿ ಸರಿಪಡಿಸಬಹುದು. ಮಗಳಿಗೆ ಹದಿಮೂರಾದಾಗ ಎಚ್ಚೆತ್ತರೆ ಅದೇ ಕೊರತೆಗೆ ತಿಂಗಳಿಗೆ 1,325 ರೂಪಾಯಿ ಬೇಕು.