ಎದೆಗೆ ಕೊಟ್ಟ ಗುಳಿಗೆ, ತಲೆಗೆ ಯಾಕೆ ನೋವು?

ವಾಕಡ್‌ನಲ್ಲಿರೋ ಕನ್ನಡದ ಹುಡುಗ ಒಬ್ಬ ತನ್ನ ಅಪ್ಪನನ್ನ ಚಿಂಚವಾಡದ ನನ್ನ ಕ್ಲಿನಿಕ್ಕಿಗೆ ಕರ್ಕೊಂಡು ಬಂದಿದ್ದ. ಹುಬ್ಬಳ್ಳಿಯವರು. ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯುತ್ತೆ ಅಂತ ಊರಲ್ಲಿ ಐಸೊಸಾರ್ಬೈಡ್ ಮಾನೊನೈಟ್ರೇಟ್ 60 ಮಿಲಿಗ್ರಾಂ, ನಿಧಾನವಾಗಿ ಕರಗುವ ಗುಳಿಗೆ ಬರೆದುಕೊಟ್ಟಿದ್ದರು. "ಎರಡ ದಿನ ತಗೊಂಡೆ ನೋಡ್ರಿ ಡಾಕ್ಟ್ರೇ, ತಲಿ ಸಿಡದ ಹೋತು. ಬಿಟ್ಟಬಿಟ್ಟೆ" ಅಂದರು. ಮಗನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಎದೆನೋವು ಮಾತ್ರ ಮತ್ತೆ ಶುರುವಾಗಿತ್ತು.

ನೈಟ್ರೇಟ್ ಕೆಲಸ ಮಾಡೋದೇ ರಕ್ತನಾಳಗಳನ್ನ ಸಡಿಲಿಸಿ ಹೃದಯದ ಹೊರೆ ಇಳಿಸೋ ಮೂಲಕ. ಆದರೆ ಅದಕ್ಕೆ ಎದೆ ಯಾವುದು, ತಲೆ ಯಾವುದು ಅಂತ ಗೊತ್ತಿಲ್ಲ. ತಲೆಯ ನಾಳಗಳೂ ಹಿಗ್ಗುತ್ತವೆ, ಅದೇ ದಬದಬ ಅನ್ನೋ ನೋವು. ಹಿಂದೆ ಡೈನಮೈಟ್ ಕಾರ್ಖಾನೆಯ ಕೆಲಸಗಾರರಿಗೂ ನೈಟ್ರೋಗ್ಲಿಸರಿನ್‌ನಿಂದ ಸೋಮವಾರ ಜೋರು ತಲೆನೋವು ಬರ್ತಿತ್ತು. ವಾರ ಕಳೆದಂತೆ ಮೈ ಒಗ್ಗಿಕೊಳ್ಳುತ್ತಿತ್ತು, ಭಾನುವಾರದ ರಜೆ ಮುಗಿದ ಮೇಲೆ ಮತ್ತೆ ಅದೇ ಕಥೆ. ಗುಳಿಗೆಯ ತಲೆನೋವೂ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತೆ.

ಈ ಅಪ್ಪಾಜಿಗೆ ನಾನು ಗುಳಿಗೆ ಬದಲಿಸಲಿಲ್ಲ, 30 ಮಿಲಿಗ್ರಾಂನಿಂದ ಮತ್ತೆ ಶುರು ಮಾಡಿಸಿದೆ. ಬೆಳಿಗ್ಗೆ ಒಂದೇ ಸಲ, ಅಗಿಯದೆ, ಪುಡಿ ಮಾಡದೆ ನುಂಗಬೇಕು. ನೋವು ಬಂದರೆ ಪ್ಯಾರಸಿಟಮಾಲ್ 500, ಆರು ಗಂಟೆ ಅಂತರ ಬಿಟ್ಟು. ಲಿವರ್ ತೊಂದರೆ ಇದ್ದರೆ ಮೊದಲು ಕೇಳಿ. ಹೃದಯ ರೋಗಿಗಳಿಗೆ ಬ್ರೂಫೆನ್, ಡೈಕ್ಲೋಫೆನಾಕ್ ನೀವಾಗಿ ಕೊಡಬೇಡಿ. ಕೆಲವರು ತಲೆನೋವು ನಿದ್ದೆಯಲ್ಲಿ ಕಳೀಲಿ ಅಂತ ಗುಳಿಗೆಯನ್ನ ರಾತ್ರಿಗೆ ಸರಿಸ್ತಾರೆ. ಹಾಗೆ ಮಾಡಿದ್ರೆ ಓಡಾಡೋ ಹೊತ್ತಿಗೆ ಔಷಧದ ಬಲ ಇಳಿದಿರುತ್ತೆ. ದಿನದಲ್ಲಿ ಕೆಲವು ಗಂಟೆ ನೈಟ್ರೇಟ್ ಇಲ್ಲದ ಬಿಡುವೂ ಬೇಕು, ಇಲ್ಲದಿದ್ದರೆ ಗುಳಿಗೆಯ ಪರಿಣಾಮವೇ ಕುಗ್ಗುತ್ತೆ.

ಬಿಪಿಗೆ ಕೊಡುವ ಅಮ್ಲೋಡಿಪಿನ್, ನಿಫೆಡಿಪಿನ್‌ಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅಲ್ಲಿ ಒಂದು ಗೊಂದಲ ಇದೆ. ತಲೆ ನೋಯ್ತಿದೆ ಅಂದ್ರೆ ಬಿಪಿ ಏರಿದೆ ಅಂದ್ಕೊಂಡು ಇನ್ನೊಂದು ಗುಳಿಗೆ ನುಂಗಿಬಿಡ್ತಾರೆ. ಐದು ನಿಮಿಷ ಕೂತು, ಮಿಷನ್‌ನಲ್ಲಿ ನೋಡಿ, ಸಂಖ್ಯೆ ಬರೆದಿಟ್ಟು ಡಾಕ್ಟರಿಗೆ ಕಳಿಸಿ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿಪಿ ಇಳಿದಿರಬಹುದು, ಅದನ್ನೂ ಹೇಳಿ.

ಇನ್ನೊಂದು, ಹೇಳೋಕೆ ಮುಜುಗರ ಪಡಬೇಡಿ: ನೈಟ್ರೇಟ್ ತಗೊಳ್ಳೋರು ಸಿಲ್ಡೆನಾಫಿಲ್, ಅಂದ್ರೆ ವಯಾಗ್ರಾ ಜಾತಿಯ ಗುಳಿಗೆ ತಗೊಳ್ಳಲೇಬಾರದು. ಬಿಪಿ ಪ್ರಾಣಕ್ಕೇ ಅಪಾಯವಾಗುವಷ್ಟು ಕುಸಿಯುತ್ತೆ. ಮತ್ತೆ ತಲೆನೋವು ಒಮ್ಮೆಲೇ ಸಿಡಿಲು ಬಡಿದಂತೆ ಬಂದ್ರೆ, ಮಾತು ತೊದಲಿದ್ರೆ, ಮುಖ ಅಥವಾ ಕೈ ಸೋತ್ರೆ ಅದನ್ನ ಗುಳಿಗೆಯ ತಲೆನೋವು ಅಂತ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಅಪ್ಪಾಜಿ ಹತ್ತು ದಿನ ಬಿಟ್ಟು ಬಂದರು. "ಈಗ ತಲಿ ಸುಮ್ನ ಅದ" ಅಂದ್ರು. ಪ್ರಮಾಣ ಏರಿಸಬೇಕಾ ಅಂತ ಮುಂದಿನ ಭೇಟಿಯಲ್ಲಿ ನೋಡ್ತೀನಿ.