ಬಳೆ ಬಿಗಿಯಾದರೆ, ತಲೆನೋವು ಬಿಡದಿದ್ದರೆ

ಮಂಡ್ಯ ಸೀಮೆಯ ಒಂದು ಹಳ್ಳಿ. ಅಂಗನವಾಡಿಯ ಜಮಖಾನದ ಮೇಲೆ ಐವರು ಬಸುರಿಯರು, ಜೊತೆಗೆ ಅವರ ಅತ್ತೆಯರು, ಓರಗಿತ್ತಿಯರು ಕುಳಿತಿದ್ದರು. ಆಶಾ ಕಾರ್ಯಕರ್ತೆ ಮಾತು ಶುರುಮಾಡುವ ಮೊದಲು ಒಂದು ಕೆಲಸ ಹೇಳಿದರು: "ಬಸುರಿಯರೆಲ್ಲ ಬಳೆ ಒಂದ್ಸಲ ಮೇಲಕ್ಕೆ ಸರಿಸಿ ನೋಡ್ರವ್ವಾ." ನಾಲ್ವರ ಬಳೆ ಸಲೀಸಾಗಿ ಸರಿದವು. ಎಂಟು ತಿಂಗಳು ತುಂಬಿದ್ದ ಒಬ್ಬಳ ಕೈಯಲ್ಲಿ ಸೀಮಂತದ ಹಸಿರು ಬಳೆ ಕಚ್ಚಿಕೊಂಡು ಅಲ್ಲಾಡಲೇ ಇಲ್ಲ.

"ಬಸುರಿಗೆ ಊತ ಬರದೆ ಇರ್ತದಾ?" ಎಂದರು ಅವಳ ಅತ್ತೆ.

"ಸಂಜೆ ಕಾಲು ಊದಿ, ಮಲಗೆದ್ದ ಮೇಲೆ ಇಳಿದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ ಕಣಮ್ಮಾ. ಬೆಳಿಗ್ಗೆ ಏಳುವಾಗಲೇ ಮುಖ ಉಬ್ಬಿದ್ರೆ, ಕೈ ಊದಿದ್ರೆ, ಅವತ್ತೇ ಬಿ.ಪಿ. ನೋಡಿಸ್ಬೇಕು."

ಆ ದಿನ ಅವರು ಆರಿಸಿಕೊಂಡಿದ್ದ ವಿಷಯವೇ ಬಸಿರಿನ ಬಿ.ಪಿ. ಐದು ತಿಂಗಳು ತುಂಬಿದ ಮೇಲೆ ಕೆಲವರಿಗೆ ರಕ್ತದೊತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಇದರ ಬೇರು ಇರುವುದು ಮಾಸಿನಲ್ಲಿ. ಮಾಸಿಗೆ ರಕ್ತ ಒಯ್ಯುವ ನಾಳಗಳು ಸರಿಯಾಗಿ ಅಗಲವಾಗದಿದ್ದರೆ, ಅಲ್ಲಿಂದ ತಾಯಿಯ ರಕ್ತಕ್ಕೆ ಸೇರುವ ಕೆಲವು ವಸ್ತುಗಳು ಅವಳ ಮೂತ್ರಪಿಂಡ, ಯಕೃತ್ತು, ಮಿದುಳಿನ ರಕ್ತನಾಳಗಳನ್ನು ಕೆಡಿಸುತ್ತವೆ. ಹಾಗಾಗಿ ಉಪ್ಪು ಬಿಟ್ಟರೆ ಇದು ವಾಸಿಯಾಗುವುದಿಲ್ಲ. ಮಗು ಹುಟ್ಟಿ ಮಾಸು ಹೊರಬಿದ್ದ ಮೇಲೆಯೇ ಕಾಯಿಲೆ ಇಳಿಯತೊಡಗುವುದು. ಅಲ್ಲಿಯವರೆಗೆ ತಾಯಿಯನ್ನು ಕಾಯುವುದು ಆಸ್ಪತ್ರೆಯ ಕೆಲಸ.

ಸಿಸ್ಟರ್ ಆ ಹೆಣ್ಣುಮಗಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಆಶಾ ಅವಳ ತಾಯಿ ಕಾರ್ಡ್ ಬಿಚ್ಚಿ ಎಲ್ಲರಿಗೂ ಕೇಳುವಂತೆ ಓದಿದರು. ಮೂರನೇ ತಿಂಗಳಲ್ಲಿ 104/66, ಐದರಲ್ಲಿ 110/70, ಏಳರಲ್ಲಿ 128/84. ಈಗ ಬಂದದ್ದು 146/96. "140/90 ಮುಟ್ಟಿದ್ರೇ ಜಾಸ್ತಿ ಅಂತ ಲೆಕ್ಕ. ಇವಳದು ತಿಂಗಳಿಂದ ತಿಂಗಳಿಗೆ ಏರ್ತಾ ಬಂದಿದೆ ನೋಡಿ. ಮೈಗೆ ಏನೂ ಗೊತ್ತಾಗದೇನೇ ಏರಬಹುದು. ಅದಕ್ಕೇ ಪ್ರತಿ ಸಲ ನೋಡಿಸಿ ಅನ್ನೋದು."

ಆಮೇಲೆ ಆ ಹುಡುಗಿಯ ಕಡೆ ತಿರುಗಿ ಕೇಳಿದರು: "ತಲೆನೋವು ಇದೆಯೇನವ್ವಾ?"

"ಮೂರು ದಿನದಿಂದ ಇದೆ ಅಕ್ಕಾ. ನಿನ್ನೆ ವಾಂತಿನೂ ಆಯ್ತು. ಪಿತ್ತ ಅಂತ ಅತ್ತೆ ನಿಂಬೆ ಪಾನಕ ಮಾಡ್ಕೊಟ್ರು."

ಅತ್ತೆಯದು ಅಕ್ಕರೆಯೇ. ಆದರೆ ಅಪಾಯ ಅಡಗಿ ಕೂರುವುದು ಈ 'ಪಿತ್ತ' ಎಂಬ ಹೆಸರಿನಲ್ಲೇ. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣೆದುರು ಮಿಂಚಿದಂತಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಅದರ ಜೊತೆ ವಾಂತಿ: ಮನೆಯಲ್ಲಿ ಇವನ್ನೆಲ್ಲ ಪಿತ್ತ, ಗ್ಯಾಸು, ದೃಷ್ಟಿ ಎಂದು ಕಳೆಯುತ್ತೇವೆ. ಬಿ.ಪಿ. ಏರಿರುವ ಬಸುರಿಗೆ ಇವುಗಳಲ್ಲಿ ಒಂದು ಕಂಡರೂ ಫಿಟ್ಸ್ ಹತ್ತಿರ ಬಂದಿರಬಹುದು ಎಂದರ್ಥ. ನಾಳೆಯ ಬಸ್ಸಿಗೆ ಕಾಯುವ ಹಾಗಿಲ್ಲ. 108ಕ್ಕೆ ಕರೆಮಾಡಿ ಕೂಡಲೇ ಹೊರಡಬೇಕು. ಬಿ.ಪಿ. 160/110 ಇದ್ದರೆ ಯಾವ ಲಕ್ಷಣ ಇಲ್ಲದಿದ್ದರೂ ಹೊರಡಬೇಕು. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಇಂಜೆಕ್ಷನ್ ಇದೆ. ಅದರ ಮೊದಲ ಡೋಸನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು, ಸಿಸೇರಿಯನ್ ಮತ್ತು ರಕ್ತದ ವ್ಯವಸ್ಥೆ ಇರುವ ದೊಡ್ಡಾಸ್ಪತ್ರೆಗೆ ಕಳಿಸಬಹುದು.

"ಮನೇಲೇ ಫಿಟ್ಸ್ ಬಂದ್ಬಿಟ್ರೆ?" ಎಂದಳು ಹಿಂದೆ ಕುಳಿತ ಓರಗಿತ್ತಿ.

"ಎಡಮಗ್ಗುಲಿಗೆ ಮಲಗಿಸಿ. ಕೈಗೆ ಬೀಗದ ಕೈ ಕೊಡೋದು, ಬಾಯಿಗೆ ಚಮಚ ಹಾಕೋದು, ನೀರು ಕುಡಿಸೋದು, ಯಾವ್ದೂ ಬೇಡ. 108ಕ್ಕೆ ಫೋನ್ ಮಾಡಿ. ಗಾಳಿ ಸೋಕ್ತು ಅಂತ ಮಂತ್ರ ಹಾಕ್ಸೋಕೆ ಕರ್ಕೊಂಡು ಹೋಗಬೇಡಿ. ಇನ್ನೊಂದು ಮಾತು, ಹೆರಿಗೆ ಆದ ಮೇಲೂ ಇದು ಬರಬಹುದು. ಬಾಣಂತಿ ತಲೆನೋವು ಅಂದ್ರೂ ಬಿ.ಪಿ. ನೋಡಿಸಿ."

ರಕ್ತ ಹೋದರೆ, ದಿನ ತುಂಬುವ ಮುನ್ನ ನೀರೊಡೆದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಆಗಲೂ ಆಸ್ಪತ್ರೆಗೆ ತಡಮಾಡಬಾರದು ಎಂದು ಸೇರಿಸಿ, ಅವರು ಫೋನ್ ತೆಗೆದುಕೊಂಡರು.

"ಮಗ ಸಂಜೆ ಬರ್ತಾನೆ, ಒಂದ್ಮಾತು ಕೇಳಿ ಹೋದ್ರಾಯ್ತಲ್ಲ?" ಎಂದರು ಅತ್ತೆ.

"ಗಾಡೀಲಿ ಕೂತ್ಕೊಂಡು ಫೋನ್ ಮಾಡಮ್ಮಾ. ತಾಯಿ ಕಾರ್ಡ್ ಜೊತೇಲೇ ಇರ್ಲಿ. ಬಳೆ ಈಗಲೇ ತೆಗೀಬೇಕು. ಕೈ ಇನ್ನೂ ಊದಿದ್ರೆ ಬಿಗಿಯಾಗಿ ಕೊಯ್ತದೆ, ಅಲ್ಲಿ ಸೂಜಿ ಹಾಕೋಕೂ ಕಷ್ಟ."

ತುಂಬು ಬಸುರಿಯ ಕೈ ಬರಿದು ಮಾಡುವುದೆಂದರೆ ಅತ್ತೆಗೆ ಮನಸ್ಸು ಒಪ್ಪಲಿಲ್ಲ. ಒಂದು ಗಳಿಗೆ ಸೊಸೆಯ ಮುಖ ನೋಡಿದರು. ಆಮೇಲೆ ತಾವೇ ಎದ್ದು ಹೋಗಿ ಸೋಪು, ಒಂದು ಚೊಂಬು ನೀರು ತಂದು, ಅವಳ ಮಣಿಕಟ್ಟಿಗೆ ನೊರೆ ಹಚ್ಚಿ, ಹಸಿರು ಬಳೆಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡರು.